ಶುಕ್ರವಾರ ಬರಲಾಗುತ್ತಿಲ್ಲ ಮೇಡಂ

ಸುಜಾತಾ ಮೇಡಂಗೆ, ಸೋಮವಾರ ಬೆಳಿಗ್ಗೆ

ಮೇಡಂ, ನಮಸ್ಕಾರ.

ಶುಕ್ರವಾರ ಸಂಜೆ 7ರ ಫೇರ್‌ವೆಲ್ ಪಾರ್ಟಿಗೆ ನೀವೇ ನನ್ನ ಟೇಬಲ್ ಹತ್ತಿರ ಬಂದು ಕರೆದಿರಿ, ತುಂಬಾ ಖುಷಿಯಾಯಿತು. ಆದರೆ ನನಗೆ ಬರಲು ಆಗುತ್ತಿಲ್ಲ. ಅವತ್ತೇ ಬೆಳಿಗ್ಗೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಇದೆ, ಸಂಜೆ ಮನೆಯಲ್ಲಿ ಅವರ ಜೊತೆ ಇರುವವನು ನಾನೊಬ್ಬನೇ. "ನೋಡೋಣ, ಬರೋಕೆ ಪ್ರಯತ್ನ ಮಾಡ್ತೀನಿ" ಅಂತ ಹೇಳಿ ಕೊನೆ ಗಳಿಗೆಯಲ್ಲಿ ಕೈಕೊಡುವ ಬದಲು ಇವತ್ತೇ ಹೇಳಿಬಿಡುತ್ತಿದ್ದೇನೆ.

ಪಾರ್ಟಿ ತಪ್ಪಿದರೂ ನಿಮ್ಮನ್ನು ನೋಡದೆ ಕಳಿಸಲು ಮನಸ್ಸಿಲ್ಲ. ಗುರುವಾರ ಸಂಜೆ 4 ಗಂಟೆಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುತ್ತೀರಾ? ಕೆಳಗೆ ಹೋಗಿ ಟೀ ಕುಡಿಯೋಣ. ಹ್ಯಾಂಡ್‌ಓವರ್ ಮಾತು ಅಲ್ಲಿ ಬೇಡ, ಅದನ್ನು ಬುಧವಾರವೇ ಮುಗಿಸಿಕೊಳ್ಳೋಣ. ನಿಮಗೆ 4 ಗಂಟೆ ಕಷ್ಟವಾದರೆ ಬೆಳಿಗ್ಗೆ 10ಕ್ಕೆ ಮುಂಚೆಯೂ ಆಗುತ್ತದೆ.

ಹೊಸ ಕೆಲಸಕ್ಕೆ ಮನಸಾರೆ ಶುಭಾಶಯ ಮೇಡಂ.

ರಘು

ಸುಜಾತಾ ಮೇಡಂ, ಸೋಮವಾರ ಮಧ್ಯಾಹ್ನ

ಅಯ್ಯೋ ರಘು, ಹೌದಾ! ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳಿ, ಅದು ಮೊದಲು. ಆದರೂ ಒಂದು ಅರ್ಧ ಗಂಟೆ ಮುಖ ತೋರಿಸಿ ಹೋಗೋಕಾಗಲ್ವಾ? ನೀವಿಲ್ಲದೆ ನಮ್ಮ ಸೆಕ್ಷನ್ ಫೋಟೋ ಪೂರ್ತಿ ಆಗಲ್ಲ.

ಸುಜಾತಾ ಮೇಡಂಗೆ, ಅದೇ ಮಧ್ಯಾಹ್ನ

ನೀವು ಹೀಗೆ ಕೇಳಿದ ಮೇಲೆ ಇಲ್ಲ ಅನ್ನುವುದು ಕಷ್ಟ ಮೇಡಂ, ಆದರೂ ಇಲ್ಲವೇ. ಆಪರೇಷನ್ ಆದ ದಿನವೇ ಮನೆಗೆ ಕಳಿಸುತ್ತಾರೆ. ಡಾಕ್ಟರ್ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕಬೇಕು, ನಿದ್ದೆಗಣ್ಣಿನಲ್ಲಿ ಅಪ್ಪ ಕಣ್ಣು ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ನೋವು ಜಾಸ್ತಿಯಾದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಅರ್ಧ ಗಂಟೆ ಅಂತ ಹೊರಟರೂ ಹೋಗಿ ಬರುವಷ್ಟರಲ್ಲಿ ಎರಡು ಗಂಟೆ ಆಗುತ್ತದೆ. ಬಂದರೂ ನನ್ನ ಕಣ್ಣೆಲ್ಲಾ ಗಡಿಯಾರದ ಮೇಲೇ ಇರುತ್ತದೆ, ನಿಮ್ಮ ಎದುರು ಹಾಗೆ ಕೂರುವುದು ನನಗೆ ಇಷ್ಟವಿಲ್ಲ.

ಫೋಟೋ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ಗುರುವಾರ ಸೆಕ್ಷನ್‌ನವರೆಲ್ಲ ಆಫೀಸಿನಲ್ಲೇ ಇರುತ್ತಾರೆ. ಟೀಗೆ ಹೊರಡುವ ಮುಂಚೆ 3:50ಕ್ಕೆ ನಿಮ್ಮ ಟೇಬಲ್ ಹತ್ತಿರವೇ ಒಂದು ಫೋಟೋ ತೆಗೆಸಿಕೊಳ್ಳೋಣ. ಎಲ್ಲರಿಗೂ ನಾನೇ ಹೇಳುತ್ತೇನೆ.

ಮಂಜುಗೆ, ಸೋಮವಾರ ಸಂಜೆ

ಮಂಜು, ಶುಕ್ರವಾರದ ಪಾರ್ಟಿಗೆ ನಾನು ಬರುತ್ತಿಲ್ಲ. ಮೇಡಂಗೆ ಮೊದಲೇ ಹೇಳಿದ್ದೇನೆ, ಒಪ್ಪಿದ್ದಾರೆ. ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ ನಿನಗೆ ಆಮೇಲೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಊಟದ ಲೆಕ್ಕ 14 ಅಂತ ಕೊಟ್ಟಿದ್ದೆಯಲ್ಲ, ಅದನ್ನು ನಾಳೆಯೇ 13 ಮಾಡಿಸು. ಬುಧವಾರ ಊಟದವರು ಖಾತ್ರಿ ಸಂಖ್ಯೆ ಕೇಳುತ್ತಾರೆ, ಆಮೇಲೆ ಕಡಿಮೆ ಮಾಡಿದರೆ ನನ್ನ ಊಟದ ದುಡ್ಡು ಉಳಿದವರ ತಲೆಗೆ ಬೀಳುತ್ತದೆ. ಉಡುಗೊರೆಯ ಪಾಲು ಮಾತ್ರ ಪೂರ್ತಿ ಕಳಿಸಿದ್ದೇನೆ, ಬಂತಾ ನೋಡು. ಗ್ರೀಟಿಂಗ್ ಕಾರ್ಡ್ ಬುಧವಾರ ಮಧ್ಯಾಹ್ನದ ಒಳಗೆ ನನ್ನ ಕೈಗೆ ಬರಲಿ. ಬರೆಯುವುದು ಸ್ವಲ್ಪ ಜಾಸ್ತಿಯೇ ಇದೆ, ಒಳಗಿನ ಎಡಗಡೆ ಪುಟದ ಕೆಳಭಾಗ ನನಗೆ ಬಿಡಿಸು.

ಇನ್ನೊಂದು ವಿಷಯ. ಅಪ್ಪನ ಆಪರೇಷನ್ ಬಗ್ಗೆ ಗ್ರೂಪ್‌ನಲ್ಲಿ ಹಾಕಬೇಡ. ಎಲ್ಲರೂ ಹೇಗಿದ್ದಾರೆ, ಯಾವ ಆಸ್ಪತ್ರೆ ಅಂತ ಶುರುಮಾಡುತ್ತಾರೆ. ಈ ವಾರ ಆ ಗ್ರೂಪ್ ಮೇಡಂದು. ಯಾರಾದರೂ ಕೇಳಿದರೆ ಮನೆಯಲ್ಲಿ ಕೆಲಸವಿದೆ ಅನ್ನು, ಸಾಕು.

ಸೆಕ್ಷನ್ ಗ್ರೂಪ್‌ಗೆ, ಮಂಗಳವಾರ

ಶುಕ್ರವಾರ ನನಗೆ ಬರಲಾಗುತ್ತಿಲ್ಲ, ಮೇಡಂ ಹತ್ತಿರ ಮಾತಾಡಿದ್ದೇನೆ. ಗುರುವಾರ 3:50ಕ್ಕೆ ಮೇಡಂ ಟೇಬಲ್ ಹತ್ತಿರ ಸೆಕ್ಷನ್ ಫೋಟೋ ಇದೆ, 10 ನಿಮಿಷ ಸಾಕು, ದಯವಿಟ್ಟು ಎಲ್ಲರೂ ಬನ್ನಿ. 3:30ರ ಮೀಟಿಂಗ್‌ನಲ್ಲಿ ಇರುವವರು ಮಧ್ಯದಲ್ಲಿ ಎದ್ದು ಬರಲು ಈಗಲೇ ಕೇಳಿಟ್ಟುಕೊಳ್ಳಿ.

ಗ್ರೀಟಿಂಗ್ ಕಾರ್ಡ್‌ನಲ್ಲಿ

ಸುಜಾತಾ ಮೇಡಂ,

ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ತಾಳೆಯಾಗದೆ 180 ವ್ಯತ್ಯಾಸ ಬಂದಾಗ ಸಾಲು ಸಾಲಾಗಿ ಟಿಕ್ ಹಾಕುತ್ತಾ ಕೂರಬೇಡಿ, ಮೊದಲು 9ರಿಂದ ಭಾಗಿಸಿ ನೋಡಿ ಎಂದು ಕಲಿಸಿದವರು ನೀವು. ಶೇಷ ಉಳಿಯದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು, 5,240 ಇರಬೇಕಾದ ಕಡೆ 5,420 ಆಗಿರಬಹುದು. ಅದೂ ಅಲ್ಲವಾದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕಿ: 3,600 ವ್ಯತ್ಯಾಸವಿದ್ದರೆ 1,800ರ ಒಂದು ಪಾವತಿ ಜಮೆಯ ಕಡೆ ಕೂತಿರಬಹುದು. ಈ ಎರಡು ಪರೀಕ್ಷೆ ನಮ್ಮ ಸೆಕ್ಷನ್‌ನಲ್ಲಿ ಈಗ ಎಲ್ಲರ ಬಾಯಲ್ಲೂ ಇದೆ. ಹೊಸದಾಗಿ ಸೇರಿದವರಿಗೂ ಮೊದಲ ತಿಂಗಳಲ್ಲೇ ಇದು ಗೊತ್ತಾಗುತ್ತದೆ, ನೀವು ಹೇಳಿಕೊಟ್ಟದ್ದು ಅಂತಲೂ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ತಪ್ಪು ಸಿಕ್ಕಾಗ ನೀವು ಯಾವತ್ತೂ "ಇದು ಯಾರು ಮಾಡಿದ್ದು?" ಅಂತ ಕೇಳಲಿಲ್ಲ, "ಇದು ಎಲ್ಲಿ ಆಯಿತು?" ಅಂತ ಕೇಳಿದಿರಿ. ಅದಕ್ಕೇ ನಮ್ಮಲ್ಲಿ ಯಾರೂ ತಪ್ಪನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಸುಮ್ಮನಾಗುವುದಿಲ್ಲ, ಧೈರ್ಯವಾಗಿ ಬಂದು ಹೇಳುತ್ತಾರೆ. ಹೊಸ ಆಫೀಸಿನವರು ಪುಣ್ಯ ಮಾಡಿದ್ದಾರೆ.

ರಘು

ಸುಜಾತಾ ಮೇಡಂಗೆ, ಬುಧವಾರ

ಮೇಡಂ, ಹ್ಯಾಂಡ್‌ಓವರ್ ಪಟ್ಟಿ ನೋಡಿದೆ. ಕೊಟ್ಟು ಇನ್ನೂ ಪಾಸಾಗದ ಚೆಕ್‌ಗಳು, ನಾವು ಕಟ್ಟಿ ಬ್ಯಾಂಕಿನಲ್ಲಿ ಇನ್ನೂ ಜಮೆಯಾಗದ ಮೊತ್ತಗಳು, ಎರಡೂ ದಿನಾಂಕದ ಪ್ರಕಾರ ಸ್ಪಷ್ಟವಾಗಿವೆ. ಒಂದೇ ಒಂದು ಸಂಶಯ: ಸಸ್ಪೆನ್ಸ್ ಖಾತೆಯಲ್ಲಿ ಉಳಿದಿರುವ ಒಂದು ಎಂಟ್ರಿಗೆ ವೋಚರ್ ನಂಬರ್ ಇಲ್ಲ. ಇವತ್ತು 5 ಗಂಟೆಯ ಒಳಗೆ ಹೇಳಿದರೆ ಸಾಕು. ಶುಕ್ರವಾರ ಸಂಜೆಗೆ ನಿಮ್ಮ ಲಾಗಿನ್ ನಿಂತುಹೋಗುತ್ತದೆ, ಆಮೇಲೆ ಇದಕ್ಕಾಗಿ ನಿಮಗೆ ಫೋನ್ ಮಾಡಿ ತೊಂದರೆ ಕೊಡುವುದು ನನಗೆ ಬೇಡ. ಫೋನ್ ಮಾಡಿದರೆ ಯೋಗಕ್ಷೇಮ ಕೇಳಲು ಮಾಡುತ್ತೇನೆ.

ಸುಜಾತಾ ಮೇಡಂಗೆ, ಶುಕ್ರವಾರ ಸಂಜೆ 6:30

ಮೇಡಂ, ಆಪರೇಷನ್ ಚೆನ್ನಾಗಿ ಆಯಿತು, ಅಪ್ಪ ಮಲಗಿದ್ದಾರೆ. ನೀವು ಯೋಚನೆ ಮಾಡುತ್ತಾ ಇರಬಾರದು ಅಂತ ಪಾರ್ಟಿ ಶುರುವಾಗುವ ಮುಂಚೆಯೇ ಹೇಳುತ್ತಿದ್ದೇನೆ. ನಿನ್ನೆ ಟೀ ಕುಡಿಯುತ್ತಾ ಮಾತಾಡಿದ್ದು ನನಗೆ ತುಂಬಾ ಸಮಾಧಾನ ಕೊಟ್ಟಿತು. ಇದಕ್ಕೆ ಈಗ ಉತ್ತರ ಬರೆಯಬೇಡಿ, ಎಲ್ಲರೂ ನಿಮಗಾಗಿ ಬಂದಿರುತ್ತಾರೆ, ಅವರ ಜೊತೆ ಇರಿ. ಹೊಸ ಆಫೀಸಿಗೆ ಸೇರಿದ ಮೊದಲ ವಾರ ಮುಗಿಯಲಿ, ಆ ಶನಿವಾರ ನಾನೇ ಫೋನ್ ಮಾಡುತ್ತೇನೆ.