ಎಳ್ಳ ಅಮಾವಾಸ್ಯೆಯ ಚಿತ್ರಕ್ಕೆ ಮರುನುಡಿ

ಚಿತ್ರದಲ್ಲಿರುವ ಹಿರಿಯರೆಲ್ಲರಿಗೂ ನಮಸ್ಕಾರಗಳು, ಕಿರಿಯರೆಲ್ಲರಿಗೂ ಶುಭಾಶಯಗಳು.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಭೂತಾಯಿಗೆ ಉಡಿ ತುಂಬಿ, ಆಳೆತ್ತರದ ಬಿಳಿಜೋಳದ ನಡುವೆ ಚರಗ ಚೆಲ್ಲಿ ಬಂದು ನೀವೆಲ್ಲರೂ ಒಂದೇ ಕಂಬಳಿಯ ಮೇಲೆ ಒತ್ತಾಗಿ ಕುಳಿತಿರುವುದನ್ನು ಕಂಡು ವಿಜಯಪುರದ ಈ ಬಾಡಿಗೆ ಮನೆಯಲ್ಲಿಯೂ ಹಬ್ಬದ ಕಳೆ ಬಂದಂತಾಯಿತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬುತ್ತಿ ಬಿಚ್ಚಿದ ಬಿಳಿ ಬಟ್ಟೆಯ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆ ಮೇಲೆ ತೇಲುವ ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿವೆ. ಹೋಳಿಗೆಯ ಸಾಲಿನಲ್ಲಿ ಒಂದು ಮಾತ್ರ ಅರ್ಧವಾಗಿದೆ. ಊಟಕ್ಕೂ ಮೊದಲೇ ಅದಕ್ಕೆ ಕೈ ಹಾಕಿದವರು ಯಾರೆಂದು ನಾನು ಕೇಳುವುದಿಲ್ಲ, ಆದರೆ ಹಿಂದಿನ ಸಾಲಿನಲ್ಲಿ ಒಂದು ಗಲ್ಲ ಸ್ವಲ್ಪ ಉಬ್ಬಿದಂತಿದೆ.

ಪರೀಕ್ಷಾ ಕೆಲಸದ ಕಾರಣ ರಜೆ ಸಿಗದೆ ಈ ಸಲ ಹೊಲಕ್ಕೆ ಬರಲಾಗಲಿಲ್ಲ. ತೆನೆ ಹಾಲುಗಾಳಾದಾಗ ಸೀತನಿ ತಿನ್ನಲು ತಪ್ಪದೆ ಬರುತ್ತೇನೆ. ಅಲ್ಲಿಯವರೆಗೆ, ಉಳಿದ ಶೇಂಗಾ ಹೋಳಿಗೆಯನ್ನು ನಾಳೆ ಇತ್ತ ಬರುವವರ ಕೈಯಲ್ಲಿ ದಯವಿಟ್ಟು ಕಳುಹಿಸಿಕೊಡಿರಿ.