ಖಾತೆಯಲ್ಲಿ ವಿಳಾಸ ಮತ್ತು ಮೊಬೈಲ್ ಸಂಖ್ಯೆ ಬದಲಾಯಿಸಲು ಮನವಿ

ಮೈಸೂರು
ದಿನಾಂಕ: 9-6-2025

ಇವರಿಂದ:
ಕೆ. ಎಸ್. ಶಾರದಮ್ಮ
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಮನೆ ಸಂಖ್ಯೆ 214, 2ನೇ ಅಡ್ಡರಸ್ತೆ, ಕುವೆಂಪುನಗರ, ಮೈಸೂರು 570023

ಇವರಿಗೆ:
ಶಾಖಾ ವ್ಯವಸ್ಥಾಪಕರು
ವಿನೋಬನಗರ ಶಾಖೆ, ಶಿವಮೊಗ್ಗ

ಮಾನ್ಯರೇ,

ವಿಷಯ: 4417 ಎಂದು ಕೊನೆಗೊಳ್ಳುವ ನನ್ನ ಉಳಿತಾಯ ಖಾತೆಯಲ್ಲಿ ವಿಳಾಸ ಹಾಗೂ ಮೊಬೈಲ್ ಸಂಖ್ಯೆಯನ್ನು ಬದಲಾಯಿಸುವ ಬಗ್ಗೆ.

ಮೇಲ್ಕಂಡ ಖಾತೆಗೆ ನನ್ನ ಪಿಂಚಣಿ ಜಮೆಯಾಗುತ್ತಿದ್ದು, ಇದೇ ಗ್ರಾಹಕ ಸಂಖ್ಯೆಯಡಿ ನನ್ನ ಎರಡು ನಿಶ್ಚಿತ ಠೇವಣಿಗಳೂ ತಮ್ಮ ಶಾಖೆಯಲ್ಲಿವೆ. ಕಳೆದ ಮೇ 12ರಂದು ಶಿವಮೊಗ್ಗದ ವಿನೋಬನಗರದ ಬಾಡಿಗೆ ಮನೆಯನ್ನು ಬಿಟ್ಟು, ಮೈಸೂರಿನಲ್ಲಿರುವ ಮಗನ ಮನೆಯಲ್ಲಿ ಕಾಯಂ ಆಗಿ ನೆಲೆಸಿದ್ದೇನೆ. ಆದ್ದರಿಂದ ಖಾತೆ, ಠೇವಣಿಗಳು ಮತ್ತು ಅಂಚೆ ವ್ಯವಹಾರ ಎಲ್ಲಕ್ಕೂ ಮೇಲೆ ಬರೆದಿರುವ ಮೈಸೂರು ವಿಳಾಸವನ್ನೇ ದಾಖಲಿಸಬೇಕೆಂದು ಕೋರುತ್ತೇನೆ. ನನ್ನ ಡೆಬಿಟ್ ಕಾರ್ಡಿನ ಅವಧಿ ಮುಂದಿನ ತಿಂಗಳು ಮುಗಿಯಲಿದ್ದು, ಹೊಸ ಕಾರ್ಡು ಹಳೆಯ ವಿಳಾಸಕ್ಕೆ ಹೋದರೆ ಈಗ ಅಲ್ಲಿ ವಾಸವಿರುವ ಅಪರಿಚಿತರ ಕೈ ಸೇರುವ ಭಯವಿದೆ. ವಿಳಾಸ ಬದಲಾಗುವ ತನಕ ಕಾರ್ಡನ್ನಾಗಲಿ ಚೆಕ್ ಪುಸ್ತಕವನ್ನಾಗಲಿ ರವಾನಿಸದಂತೆ ಈ ಕೋರಿಕೆಯ ಜೊತೆಗೇ ಸೂಚನೆ ಹಾಕಿಸಿದರೆ ಉಪಕಾರವಾಗುತ್ತದೆ.

ಮೊಬೈಲ್ ಸಂಖ್ಯೆಯ ವಿಷಯ ಇದಕ್ಕಿಂತ ತುರ್ತಿನದು. ಖಾತೆಗೆ ಜೋಡಿಸಿರುವ, 62 ಎಂದು ಕೊನೆಗೊಳ್ಳುವ ಸಂಖ್ಯೆ ನನ್ನ ದಿವಂಗತ ಪತಿಯವರ ಹೆಸರಿನಲ್ಲಿತ್ತು. ಅದನ್ನು ಮೇ 20ರಂದು ಸ್ಥಗಿತಗೊಳಿಸಿದ್ದೇವೆ. ಸ್ಥಗಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳವರೆಗೆ ಬೇರೆಯವರಿಗೆ ಹಂಚುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಈ ಲೆಕ್ಕದಲ್ಲಿ ಆಗಸ್ಟ್ 18ರ ನಂತರ ಅದು ಯಾರ ಕೈಗಾದರೂ ಹೋಗಬಹುದು, ನನ್ನ ಖಾತೆಯ ಒಟಿಪಿಗಳೂ ಅವರಿಗೇ ತಲುಪಬಹುದು. ಈಗಲೂ ಹಣ ತೆಗೆದ ಸಂದೇಶಗಳು ನನಗೆ ಬರುತ್ತಿಲ್ಲ. ನನ್ನ ಗಮನಕ್ಕೆ ಬಾರದೆ ಯಾರಾದರೂ ಹಣ ತೆಗೆದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಕೊಟ್ಟಿರುವ ರಕ್ಷಣೆಯನ್ನು ಪಡೆಯುವುದೂ ನನಗೆ ಕಷ್ಟವಾಗುತ್ತದೆ. ಹಳೆಯ ಸಂಖ್ಯೆಯನ್ನು ಎರಡನೆಯ ಸಂಖ್ಯೆಯಾಗಿ ಉಳಿಸದೆ ಸಂಪೂರ್ಣ ತೆಗೆದುಹಾಕಿ, 38 ಎಂದು ಕೊನೆಗೊಳ್ಳುವ ನನ್ನ ಹೊಸ ಸಂಖ್ಯೆಯನ್ನು ಎಸ್‌ಎಂಎಸ್, ನೆಟ್ ಬ್ಯಾಂಕಿಂಗ್ ಮತ್ತು ಡೆಬಿಟ್ ಕಾರ್ಡ್ ಮೂರಕ್ಕೂ ಜೋಡಿಸಬೇಕು. ಪೂರ್ಣ ಸಂಖ್ಯೆಗಳನ್ನು ತಮ್ಮ ನಮೂನೆಯಲ್ಲಷ್ಟೇ ಬರೆದಿದ್ದೇನೆ. ಈ ಪತ್ರದ ಪ್ರತಿ ಹಲವರ ಕೈಯಲ್ಲಿ ಹಾದುಹೋಗುವುದರಿಂದ ಇಲ್ಲಿ ಬರೆದಿಲ್ಲ.

ದಾಖಲೆಗಳ ಬಗ್ಗೆ ಒಂದು ಮಾತು. ಮನೆಯ ವಿದ್ಯುತ್ ಬಿಲ್ಲು ಮಗನ ಹೆಸರಿನಲ್ಲಿರುವುದರಿಂದ ಅದನ್ನು ವಿಳಾಸದ ಪುರಾವೆಯಾಗಿ ಕೊಡುತ್ತಿಲ್ಲ. ಬದಲಿಗೆ, ಮೈಸೂರು ವಿಳಾಸಕ್ಕೆ ಈಗಾಗಲೇ ತಿದ್ದಿಸಿಕೊಂಡಿರುವ ಆಧಾರ್ ಕಾರ್ಡಿನ ಪ್ರತಿಯನ್ನು, ಮೊದಲ ಎಂಟು ಅಂಕಿಗಳನ್ನು ಮರೆಮಾಡಿ, ಲಗತ್ತಿಸಿದ್ದೇನೆ. ಅದರೊಂದಿಗೆ ಭರ್ತಿ ಮಾಡಿದ ಕೆವೈಸಿ ನಮೂನೆ, ಪ್ಯಾನ್ ಕಾರ್ಡಿನ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಪಿಂಚಣಿ ಪಾವತಿ ಆದೇಶದ ಪ್ರತಿ, ಹೊಸ ಸಂಖ್ಯೆ ನನ್ನ ಹೆಸರಿನಲ್ಲೇ ಇದೆ ಎಂದು ತೋರಿಸುವ ಪೋಸ್ಟ್‌ಪೇಯ್ಡ್ ಬಿಲ್ಲು ಹಾಗೂ ಇತ್ತೀಚಿನ ಎರಡು ಭಾವಚಿತ್ರಗಳಿವೆ. ಎಲ್ಲ ಪ್ರತಿಗಳಿಗೂ ನಾನೇ ಸಹಿ ಮಾಡಿ ದೃಢೀಕರಿಸಿದ್ದೇನೆ. ಮೂಲ ದಾಖಲೆಗಳನ್ನು ಪರಿಶೀಲನೆಗಾಗಿ ಖುದ್ದಾಗಿ ತಂದಿದ್ದು, ನೋಡಿದ ಕೂಡಲೇ ಹಿಂದಿರುಗಿಸಬೇಕಾಗಿ ವಿನಂತಿ.

ಇದೇ ಪತ್ರವನ್ನು ಇಂಗ್ಲಿಷಿನಲ್ಲೂ ಬರೆದು ಜೊತೆಗಿಟ್ಟಿದ್ದೇನೆ. ಎರಡರ ಒಕ್ಕಣೆಯೂ ಒಂದೇ. ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ವಿಳಾಸ ತುಂಬಬೇಕಾಗುವುದರಿಂದ, ಕಾಗುಣಿತ ಆಧಾರ್‌ಗೆ ಹೊಂದುವಂತೆ ಹೀಗೆಯೇ ದಾಖಲಿಸಬೇಕು:

```
SHARADAMMA K S
No 214, 2nd Cross, Kuvempunagar
Mysuru 570023
```

ಪಾಸ್‌ಬುಕ್ಕಿನಲ್ಲಿ ನನ್ನ ಹೆಸರು `SHARADHAMMA` ಎಂದು ಒಂದು ಅಕ್ಷರ ಹೆಚ್ಚಾಗಿ ಅಚ್ಚಾಗಿದೆ. ಆಧಾರ್, ಪ್ಯಾನ್ ಮತ್ತು ಪಿಂಚಣಿ ಆದೇಶಗಳಲ್ಲಿ ಇರುವ ಕಾಗುಣಿತಕ್ಕೆ ಅದನ್ನೂ ಈ ಸಂದರ್ಭದಲ್ಲೇ ಸರಿಪಡಿಸಬೇಕು. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸುವಾಗ ಹೆಸರಿನ ವ್ಯತ್ಯಾಸದಿಂದ ಪಿಂಚಣಿ ತಡೆಯಾಗಬಾರದು ಎಂಬುದು ನನ್ನ ಆತಂಕ. ನಾಮನಿರ್ದೇಶನದಲ್ಲಿ ಯಾವ ಬದಲಾವಣೆಯೂ ಇಲ್ಲ. ಖಾತೆ ಸದ್ಯಕ್ಕೆ ತಮ್ಮ ಶಾಖೆಯಲ್ಲೇ ಮುಂದುವರಿಯಲಿ.

ಈ ಪತ್ರದ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿ ಕೊಡಬೇಕು. ಬದಲಾವಣೆ ಪೂರ್ಣವಾದಾಗ ಹೊಸ ಸಂಖ್ಯೆಗೆ ಸಂದೇಶ ಬರುವಂತೆ ಮಾಡಬೇಕೆಂದೂ, ಮತ್ತಾವುದಾದರೂ ದಾಖಲೆ ಬೇಕಿದ್ದಲ್ಲಿ ನಾನು ಇಂದು ಶಿವಮೊಗ್ಗದಲ್ಲಿರುವಾಗಲೇ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
ಕೆ. ಎಸ್. ಶಾರದಮ್ಮ