ತೀರ್ಮಾನ: ಇನ್‌ಪುಟ್ ಬೆಳೆದಂತೆ ಸೆಲೆಕ್ಷನ್, ಮರ್ಜ್ ಮತ್ತು ಕ್ವಿಕ್ ಸಾರ್ಟ್‌ಗಳಿಗೆ ಹಿಡಿದ ಸಮಯ

ಯಾದೃಚ್ಛಿಕ ಇನ್‌ಪುಟ್‌ನಲ್ಲಿ ಸೆಲೆಕ್ಷನ್ ಸಾರ್ಟ್ 10,000 ಅಂಶಗಳಿಗೆ 0.11 ಸೆಕೆಂಡ್, 20,000ಕ್ಕೆ 0.44, 40,000ಕ್ಕೆ 1.77, 80,000ಕ್ಕೆ 7.12 ಸೆಕೆಂಡ್ ತೆಗೆದುಕೊಂಡಿತು. n ಇಮ್ಮಡಿಯಾದಾಗಲೆಲ್ಲ ಸಮಯ ನಾಲ್ಕು ಪಟ್ಟಾಗಿದೆ. ಹೋಲಿಕೆಗಳ ಸಂಖ್ಯೆ n(n-1)/2 ಆದ್ದರಿಂದ 80,000ಕ್ಕೆ ಸುಮಾರು 320 ಕೋಟಿ ಹೋಲಿಕೆ ಬೇಕು. ಲೆಕ್ಕ ಹಾಕಿದರೆ ಒಂದಕ್ಕೆ 2.2 ನ್ಯಾನೋಸೆಕೆಂಡ್ ಬೀಳುತ್ತದೆ, ನಾಲ್ಕೂ ಗಾತ್ರಗಳಲ್ಲಿ ಇದು ಹೆಚ್ಚುಕಡಿಮೆ ಒಂದೇ. ಮೊದಲೇ ವಿಂಗಡಿಸಿದ ಇನ್‌ಪುಟ್ ಕೊಟ್ಟರೂ ಸಮಯ 6.98 ಸೆಕೆಂಡ್‌ಗೆ ಇಳಿಯಿತಷ್ಟೆ, ಏಕೆಂದರೆ ಹೋಲಿಕೆ ಒಂದೂ ತಪ್ಪುವುದಿಲ್ಲ.

ಅದೇ 80,000ಕ್ಕೆ ಮರ್ಜ್ ಸಾರ್ಟ್ 13 ಮಿಲಿಸೆಕೆಂಡ್, ಕ್ವಿಕ್ ಸಾರ್ಟ್ 8 ಮಿಲಿಸೆಕೆಂಡ್. ಸಾಮಾನ್ಯ ಗ್ರಾಫ್‌ನಲ್ಲಿ ಇವೆರಡೂ x ಅಕ್ಷಕ್ಕೆ ಅಂಟಿಕೊಂಡು ಏನೂ ತಿಳಿಯುವುದಿಲ್ಲ. ಲಾಗ್-ಲಾಗ್ ಗ್ರಾಫ್‌ನಲ್ಲಿ ಮಾತ್ರ ಇಳಿಜಾರು ಓದಲು ಬರುತ್ತದೆ: ಸೆಲೆಕ್ಷನ್‌ಗೆ 2.0, ಮರ್ಜ್‌ಗೆ 1.10. n log n ಪ್ರಕಾರ ಈ ವ್ಯಾಪ್ತಿಯಲ್ಲಿ ಬರಬೇಕಾದದ್ದೂ 1.10.

ಈ ಪ್ರಯೋಗದಲ್ಲಿ ಹೆಚ್ಚು ಗಮನ ಬೇಡುವುದು ಕ್ವಿಕ್ ಸಾರ್ಟ್. ಕೊನೆಯ ಅಂಶವನ್ನೇ ಪಿವಟ್ ಮಾಡಿದ್ದರಿಂದ, ಏರಿಕೆಯ ಕ್ರಮದಲ್ಲಿದ್ದ 80,000 ಅಂಶಗಳಿಗೆ 12.8 ಸೆಕೆಂಡ್ ಹಿಡಿಯಿತು. ಸೆಲೆಕ್ಷನ್ ಸಾರ್ಟ್‌ಗಿಂತಲೂ ನಿಧಾನ. ಪ್ರತಿ ವಿಭಜನೆಯಲ್ಲೂ ಒಂದು ಬದಿ ಖಾಲಿ, ಇನ್ನೊಂದು ಬದಿಯಲ್ಲಿ n-1 ಅಂಶ. ಜೊತೆಗೆ ಪ್ರತಿ ಹೋಲಿಕೆಯ ಬೆನ್ನಿಗೆ ಅಂಶವನ್ನು ಅದರೊಂದಿಗೇ ಅದಲುಬದಲು ಮಾಡುವ ವ್ಯರ್ಥ ಕೆಲಸ ಬೇರೆ. 2,00,000 ಅಂಶಗಳಿಗೆ ಪ್ರೋಗ್ರಾಂ ಸುಮಾರು 80 ಸೆಕೆಂಡ್ ಓಡಿ ಸೆಗ್ಮೆಂಟೇಶನ್ ಫಾಲ್ಟ್ ಕೊಟ್ಟು ನಿಂತಿತು. ರಿಕರ್ಶನ್‌ನ ಆಳ n ತಲುಪಿ, ಪ್ರತಿ ಕರೆಗೆ 48 ಬೈಟ್‌ನಂತೆ 8 ಎಂಬಿ ಸ್ಟ್ಯಾಕ್ ತುಂಬಿದ್ದೇ ಕಾರಣ. `ulimit -s` ಹೆಚ್ಚಿಸಿದರೆ ಕ್ರ್ಯಾಶ್ ತಪ್ಪಬಹುದು, ವರ್ಗದ ಬೆಳವಣಿಗೆ ತಪ್ಪದು. ವಿಭಜನೆಗೆ ಮೊದಲು ಈ ಎರಡು ಸಾಲು ಸೇರಿಸಿದ ಮೇಲೆ 80,000ದ ಸಮಯ ಮತ್ತೆ 10 ಮಿಲಿಸೆಕೆಂಡ್‌ನೊಳಗೆ ಬಂತು:

```c
int r = low + rand() % (high - low + 1);
swap(&a[r], &a[high]);
```

ಆದರೆ ಇದು ಎಲ್ಲದಕ್ಕೂ ಮದ್ದಲ್ಲ. `rand() % 100` ಬಳಸಿ ಇನ್‌ಪುಟ್ ತುಂಬಿದರೆ ಪ್ರತಿ ಬೆಲೆಯೂ ಸುಮಾರು 800 ಸಲ ಬರುತ್ತದೆ. ಸಮಾನ ಅಂಶಗಳೆಲ್ಲ ಒಂದೇ ಬದಿಗೆ ಹೋಗುವುದರಿಂದ ಪಿವಟ್ ಯಾವುದಾದರೂ ಸಮಯ 0.13 ಸೆಕೆಂಡ್‌ಗೆ ಏರಿತು. ಇದಕ್ಕೆ ಮೂರು ಭಾಗದ ವಿಭಜನೆಯೇ ಬೇಕು.

ಅಳತೆಯ ಬಗ್ಗೆ ಒಂದು ಮಾತು. ಅರೇ ತುಂಬುವುದೂ `printf` ಕೂಡ `clock()` ಕರೆಗಳ ಹೊರಗಿವೆ. n ಚಿಕ್ಕದಾದಾಗ ಒಂದೇ ಓಟದ ಸಮಯ ನಂಬಲರ್ಹವಲ್ಲ, ಹಾಗಾಗಿ 10,000 ಸಲ ಓಡಿಸಿ ಸರಾಸರಿ ತೆಗೆಯಲಾಗಿದೆ. ಪ್ರತಿ ಸಲವೂ ಮೂಲ ಅರೇಯನ್ನು `memcpy` ಮಾಡಲೇಬೇಕು. ಬಿಟ್ಟರೆ ಎರಡನೇ ಸುತ್ತಿನಿಂದ ವಿಂಗಡಿಸಿದ ಇನ್‌ಪುಟ್ ಅನ್ನೇ ಅಳೆದಂತಾಗುತ್ತದೆ. ನಕಲಿನ ಸಮಯವನ್ನು ಬೇರೆಯಾಗಿ ಅಳೆದು ಕಳೆದಾಗ, n ಸುಮಾರು 50ಕ್ಕಿಂತ ಕಡಿಮೆಯಿದ್ದಲ್ಲಿ ಸೆಲೆಕ್ಷನ್ ಸಾರ್ಟ್ ಮರ್ಜ್ ಸಾರ್ಟ್‌ಗಿಂತ ಮುಂದಿತ್ತು. ಎಲ್ಲ ಅಂಕಿಗಳೂ `gcc -O0` ಕಂಪೈಲ್‌ನವು. `-O2` ಹಾಕಿದರೆ ಸೆಕೆಂಡ್‌ಗಳೂ ಈ 50ರ ಗಡಿಯೂ ಬದಲಾಗುತ್ತವೆ, ದೊಡ್ಡ n‌ಗೆ ಇಳಿಜಾರು ಬದಲಾಗದು.